ಮೆಲ್ಲನೆಯ ಹಾಡಿನ ಮಧ್ಯೆ ಕಿರುಚುವ ಜಾಹೀರಾತು: ದನಿ, ಪುನರಾವರ್ತನೆ ಮತ್ತು ಆ ಒಂದು ಸ್ವಿಚ್

ಪ್ರಶ್ನೆ: ಹಾಡು ಕೇಳುವ ಆ್ಯಪ್ ಒಂದರ ಉಚಿತ ಆವೃತ್ತಿ ಬಳಸುತ್ತೇನೆ. ರಾತ್ರಿ ಸಣ್ಣ ದನಿಯಲ್ಲಿ ಹಾಡು ಹಾಕಿಕೊಂಡು ಮಲಗಿದರೆ ಜಾಹೀರಾತು ಬಂದು ಬೆಚ್ಚಿಬೀಳುವ ಹಾಗಾಗುತ್ತದೆ. ಅದೂ ಒಂದೇ ಜಾಹೀರಾತು, ಮತ್ತೆ ಮತ್ತೆ. ಬೇಸತ್ತು ವೈಯಕ್ತಿಕ ಜಾಹೀರಾತುಗಳನ್ನು ಆಫ್ ಮಾಡಿದೆ. ಕಾಟ ಇನ್ನೂ ಜಾಸ್ತಿಯಾಯಿತು! ದುಡ್ಡು ಕೊಟ್ಟು ಸೇರಲಿ ಅಂತ ಬೇಕೆಂದೇ ಹೀಗೆ ಮಾಡುತ್ತಾರಾ? ಯಾವ ಸೆಟ್ಟಿಂಗ್ ಬದಲಿಸಿದರೆ ಇದು ನಿಲ್ಲುತ್ತದೆ?

ಉತ್ತರ: ನೀವು ಆಫ್ ಮಾಡಿದ ಸ್ವಿಚ್ಚಿಗೂ ಜಾಹೀರಾತಿನ ದನಿಗೂ ಸಂಬಂಧವಿಲ್ಲ. ಎಷ್ಟು ಜಾಹೀರಾತು ಬರಬೇಕೆಂಬುದನ್ನೂ ಅದು ನಿರ್ಧರಿಸುವುದಿಲ್ಲ. ಯಾವ ಜಾಹೀರಾತು ಬರಬೇಕೆಂಬುದಕ್ಕಷ್ಟೇ ಅದು ಸಂಬಂಧಿಸಿದ್ದು. ಆದರೆ ಅದನ್ನು ಆಫ್ ಮಾಡಿದ ಮೇಲೆ ಒಂದೇ ಜಾಹೀರಾತು ಹೆಚ್ಚು ಸಲ ಬಂತು ಎಂಬ ನಿಮ್ಮ ಅನುಭವ ಭ್ರಮೆಯಲ್ಲ. ಹಾಗಾಗಲು ಸ್ಪಷ್ಟ ಕಾರಣವಿದೆ. ಮೊದಲು ದನಿಯ ವಿಷಯ ಮುಗಿಸಿ ಅಲ್ಲಿಗೆ ಬರುತ್ತೇನೆ.

ಡಿಜಿಟಲ್ ಧ್ವನಿಗೆ ಒಂದು ಮೇಲ್ಮಿತಿ ಇದೆ. ಅದನ್ನು ಸೊನ್ನೆ ಡೆಸಿಬೆಲ್ ಎಂದಿಟ್ಟುಕೊಂಡು ಉಳಿದೆಲ್ಲವನ್ನೂ ಅದರ ಕೆಳಗೆ ಮೈನಸ್ ಅಂಕಿಗಳಲ್ಲಿ ಹೇಳುತ್ತಾರೆ. ಹಾಡಿನಲ್ಲಿ ಒಂದು ತಾಳದ ಪೆಟ್ಟು ಆ ಮಿತಿಯ ಹತ್ತಿರ ಹೋಗಿ ಬರಬಹುದು, ಉಳಿದ ಭಾಗ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಕಿವಿ ಜೋರು ಎಂದು ಗುರುತಿಸುವುದು ಆ ಒಂದು ಪೆಟ್ಟಿನ ಎತ್ತರವನ್ನಲ್ಲ, ಒಟ್ಟಾರೆ ಶಕ್ತಿ ಎಷ್ಟು ಹೊತ್ತು ಮೇಲಿತ್ತು ಎಂಬುದನ್ನು. ಜಾಹೀರಾತು ತಯಾರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಸ್ಟುಡಿಯೋದಲ್ಲಿ ಕಂಪ್ರೆಸರ್ ಎಂಬ ಸಾಧನದಿಂದ ದನಿಯ ಏರುಗಳನ್ನು ಅದುಮಿ, ಆಮೇಲೆ ಇಡೀ ತುಣುಕನ್ನೇ ಮೇಲಕ್ಕೆತ್ತುತ್ತಾರೆ. ಆಗ ಪಿಸುಮಾತೂ ಕೂಗಿನಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಪೆಟ್ಟಿನ ಎತ್ತರ ಮಾತ್ರ ಅಳೆಯುವ ಮೀಟರಿನಲ್ಲಿ ಹಾಡು, ಜಾಹೀರಾತು ಎರಡೂ ಒಂದೇ ಅಂಕಿ ತೋರಿಸುತ್ತವೆ. ಕಿವಿಗೆ ಮಾತ್ರ ಜಾಹೀರಾತು ಅಪ್ಪಳಿಸುತ್ತದೆ. ಅದರ ಮೇಲೆ, ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಸುಮಾರು 2ರಿಂದ 5 ಕಿಲೋಹರ್ಟ್ಸ್ ನಡುವಿನ ಧ್ವನಿಗೆ. ಮಾತಿನ ವ್ಯಂಜನಗಳ ಸ್ಪಷ್ಟತೆ ಬಹುಪಾಲು ಇರುವುದೂ ಅಲ್ಲೇ. ಜಾಹೀರಾತಿನ ಮಾತು ಖಚಿತವಾಗಿ ಕೇಳಲಿ ಎಂದು ಆ ಭಾಗವನ್ನೇ ಇನ್ನಷ್ಟು ಎತ್ತಿರುತ್ತಾರೆ.

ಇದನ್ನು ಸರಿಪಡಿಸಲೆಂದೇ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಕಿವಿಗೆ ಹತ್ತಿರವಾದ ಒಂದು ಅಳತೆ ಕೊಟ್ಟಿತು. ಅದರ ಏಕಮಾನ ಎಲ್‌ಯುಎಫ್‌ಎಸ್. ತುಣುಕಿನ ಉದ್ದಕ್ಕೂ ಶಕ್ತಿಯನ್ನು ಅಳೆದು, ಕಿವಿ ಹೆಚ್ಚು ಗಮನಿಸುವ ಭಾಗಕ್ಕೆ ಹೆಚ್ಚು ತೂಕ ಕೊಟ್ಟು, ಸರಾಸರಿ ತೆಗೆಯುತ್ತದೆ. ಮುಂದಿನ ಆವೃತ್ತಿಯೊಂದರಲ್ಲಿ, ಸರಾಸರಿಗಿಂತ ತುಂಬಾ ಕೆಳಗಿರುವ ಮೌನದ ತುಣುಕುಗಳನ್ನು ಲೆಕ್ಕದಿಂದ ಕೈಬಿಡುವ ನಿಯಮವೂ ಸೇರಿತು. ಅದಿಲ್ಲದಿದ್ದರೆ ಅರ್ಧ ಜಾಹೀರಾತು ಮೌನವಾಗಿಟ್ಟು, ಉಳಿದರ್ಧದಲ್ಲಿ ಕಿರುಚಿ, ಸರಾಸರಿಯನ್ನು ಸಭ್ಯವಾಗಿ ತೋರಿಸಬಹುದಿತ್ತು. ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ಮೈನಸ್ 23 ಎಲ್‌ಯುಎಫ್‌ಎಸ್ ಎಂಬ ಗುರಿಯನ್ನು ನಿಗದಿ ಮಾಡಿತು. ಹಾಡಿನ ಆ್ಯಪ್‌ಗಳು ಇನ್ನೂ ಮೇಲಿನ ಗುರಿ ಇಟ್ಟುಕೊಳ್ಳುತ್ತವೆ. ಸ್ಪಾಟಿಫೈನ ಸಾಮಾನ್ಯ ಮಟ್ಟ ಮೈನಸ್ 14.

ಹಾಗಾದರೆ ಸಮಸ್ಯೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಏಕೆಂದು ತಿಳಿಯಲು ನಿಮ್ಮ ರಾತ್ರಿಯ ಹಾಡನ್ನೇ ಲೆಕ್ಕ ಹಾಕೋಣ. ಕೊಳಲಿನ ಒಂದು ನಿಧಾನದ ರಚನೆ ಎಂದುಕೊಳ್ಳಿ. ಅದರ ಸರಾಸರಿ ಮೈನಸ್ 20, ಅತಿ ಎತ್ತರದ ಪೆಟ್ಟು ಮೈನಸ್ 5. ಆ್ಯಪ್ ಇದನ್ನು ಮೈನಸ್ 14ಕ್ಕೆ ತರಲು 6 ಡೆಸಿಬೆಲ್ ಎತ್ತಬೇಕು. ಆದರೆ ಹಾಗೆ ಎತ್ತಿದರೆ ಮೈನಸ್ 5ರ ಪೆಟ್ಟು ಸೊನ್ನೆಯನ್ನು ದಾಟಿ ಒಡೆಯುತ್ತದೆ. ಹಾಗಾಗಿ ಸ್ಪಾಟಿಫೈ ತನ್ನ ಸಾಮಾನ್ಯ ಮಟ್ಟದಲ್ಲಿ ಸೊನ್ನೆಗೆ 1 ಡೆಸಿಬೆಲ್ ಅಂತರ ಉಳಿಸಿಕೊಂಡು, ಇಂಥ ಹಾಡನ್ನು 4 ಡೆಸಿಬೆಲ್ ಮಾತ್ರ ಎತ್ತಿ, ಮೈನಸ್ 16ಕ್ಕೆ ನಿಲ್ಲಿಸುತ್ತದೆ. ಯೂಟ್ಯೂಬ್ ಅಷ್ಟೂ ಮಾಡದೆ, ಜೋರಾದದ್ದನ್ನು ತಗ್ಗಿಸುವುದಕ್ಕೇ ಒತ್ತು ಕೊಡುತ್ತ ಬಂದಿದೆ. ಅಲ್ಲಿಗೆ ಮೆಲ್ಲನೆಯ ಹಾಡು ಗುರಿಗಿಂತ ಕೆಳಗೇ ಉಳಿಯಿತು. ಅದುಮಿ ಎತ್ತಿದ ಜಾಹೀರಾತಿಗೆ ಈ ತೊಂದರೆಯೇ ಇಲ್ಲ.

ಜಾಹೀರಾತೂ ಮೈನಸ್ 16ರಲ್ಲೇ ಇದೆ, ಅಂದರೆ ಎರಡೂ ಸಮ ಎಂದೇ ಇಟ್ಟುಕೊಳ್ಳೋಣ. ಆಗಲೂ ನೀವು ಬೆಚ್ಚುತ್ತೀರಿ. ಸರಾಸರಿ ಎಂಬುದು ಇಡೀ ರಚನೆಯದು. ಕೊಳಲು ಕೊನೆಯಲ್ಲಿ ಮೆಲ್ಲಮೆಲ್ಲನೆ ಕರಗುತ್ತಾ ಮೈನಸ್ 28ರ ಹತ್ತಿರ ಇರುತ್ತದೆ. ಜಾಹೀರಾತು ಮೊದಲ ಕ್ಷಣದಿಂದಲೇ ಮೈನಸ್ 15ರಲ್ಲಿ ಶುರುವಾಗುತ್ತದೆ. ಅಂತರ 13 ಡೆಸಿಬೆಲ್. ದನಿ 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ ಎಂಬುದು ಧ್ವನಿಶಾಸ್ತ್ರದಲ್ಲಿ ಬಳಕೆಯಲ್ಲಿರುವ ಅಂದಾಜು. ಅದರಂತೆ ಇಲ್ಲಿ ನಿಮಗೆ ತಟ್ಟುವುದು ಸುಮಾರು ಎರಡೂವರೆ ಪಟ್ಟಿನ ಜಿಗಿತ. ಯಾರೂ ವಾಲ್ಯೂಮ್ ಏರಿಸಿಲ್ಲ, ಎರಡೂ ತುಣುಕು ಅಳತೆಯಲ್ಲಿ ಪಾಸಾಗಿವೆ, ಆದರೂ ನಿದ್ದೆ ಹಾರಿತು. ನೀವು ಆಲ್ಬಂ ಪೂರ್ತಿ ಕೇಳುತ್ತಿದ್ದರೆ ಇದು ಇನ್ನೂ ಹೆಚ್ಚು: ಆಗ ಸ್ಪಾಟಿಫೈ ಇಡೀ ಆಲ್ಬಮಿಗೆ ಒಂದೇ ಹೊಂದಾಣಿಕೆ ಮಾಡುತ್ತದೆ. ಕಲಾವಿದರು ಮೆಲ್ಲಗಿರಲಿ ಎಂದು ಬಯಸಿದ ಹಾಡು ಮೆಲ್ಲಗೇ ಉಳಿಯುತ್ತದೆ. ಅದು ಸಂಗೀತಕ್ಕೆ ನ್ಯಾಯ, ಆದರೆ ಅದರ ಬೆನ್ನಿಗೇ ಬರುವ ಜಾಹೀರಾತಿಗೆ ಅನುಕೂಲ.

ಎರಡನೆಯ ಕಾರಣ ಜಾಹೀರಾತು ಬರುವ ದಾರಿ. ಹಾಡುಗಳು ಆ್ಯಪ್‌ನ ಸ್ವಂತ ಉಗ್ರಾಣದಲ್ಲಿ ಮೊದಲೇ ಅಳೆದಿಟ್ಟ ಫೈಲುಗಳು. ಜಾಹೀರಾತು ಹಾಗಲ್ಲ. ಎಷ್ಟೋ ವೇಳೆ ಅದು ಕೊನೆಯ ಗಳಿಗೆಯಲ್ಲಿ, ಆ ಜಾಹೀರಾತಿನ ಜಾಗಕ್ಕಾಗಿ ನಡೆದ ಹರಾಜು ಗೆದ್ದ ಕಂಪನಿಯ ಸರ್ವರಿನಿಂದ ಬರುತ್ತದೆ. ಅದನ್ನು ಯಾರು ಅಳೆದರು, ಯಾವ ಗುರಿಗೆ ಹೊಂದಿಸಿದರು ಎಂಬುದು ಆಯಾ ಜಾಲದ ಶಿಸ್ತಿಗೆ ಬಿಟ್ಟದ್ದು. ಸಿನಿಮಾ ತೋರಿಸುವ ಸೇವೆಗಳಲ್ಲಿ ಇನ್ನೊಂದು ತೊಡಕಿದೆ: ನೆಟ್‌ಫ್ಲಿಕ್ಸ್ ತನ್ನ ಚಿತ್ರಗಳಲ್ಲಿ ಸಂಭಾಷಣೆಯ ಮಟ್ಟವನ್ನೇ ಅಳೆದು ಮೈನಸ್ 27ಕ್ಕೆ ಇಡಲು ಹೇಳುತ್ತದೆ. ಅಲ್ಲಿ ಅಳತೆಗೆ ಆಧಾರ ಮಾತು. ಇಡೀ ತುಣುಕಿನ ಸರಾಸರಿಯನ್ನು ಅದಕ್ಕಿಂತ ಮೇಲಿನ ಗುರಿಗೆ ಹೊಂದಿಸಿಕೊಂಡು ಬಂದ ಜಾಹೀರಾತು ಆ ಮಾತಿನ ಪಕ್ಕದಲ್ಲಿ ಜೋರಾಗದೆ ಇನ್ನೇನು?

ಬೇಕೆಂದೇ ಮಾಡುತ್ತಾರಾ ಎಂದು ಕೇಳಿದಿರಿ. ಆ್ಯಪ್‌ನವರು ಜಾಹೀರಾತು ಬಂದಾಗ ವಾಲ್ಯೂಮ್ ಏರಿಸುವ ಗುಂಡಿ ಒತ್ತುವುದಿಲ್ಲ. ಆದರೆ ಜಾಹೀರಾತಿನವರು ಬೇಕೆಂದೇ ಅದುಮಿ ಎತ್ತುತ್ತಾರೆ, ಮತ್ತು ಆ್ಯಪ್‌ನವರು ಮನಸ್ಸು ಮಾಡಿದರೆ ಇದನ್ನು ತಡೆಯಬಹುದು. ಹಾಡಿನ ಕೊನೆಯ ಕೆಲವು ಸೆಕೆಂಡುಗಳ ಮಟ್ಟ ನೋಡಿ, ಜಾಹೀರಾತನ್ನು ಅಲ್ಲಿಂದ ಮೆಲ್ಲಗೆ ಏರುವಂತೆ ಮಾಡುವುದು ದೊಡ್ಡ ತಾಂತ್ರಿಕ ಸವಾಲಲ್ಲ. ಮಾಡದಿರುವುದಕ್ಕೆ ನನಗೆ ಕಾಣುವ ಕಾರಣ ಒಂದೇ: ಹಣ ಕೊಡುವವರು ಜಾಹೀರಾತುದಾರರು, ಅವರು ಇದನ್ನು ಕೇಳುತ್ತಿಲ್ಲ. ಅದಕ್ಕೇ ಕಾನೂನು ಬರಬೇಕಾಯಿತು. ಅಮೆರಿಕದಲ್ಲಿ ಟಿವಿ ಜಾಹೀರಾತು ಕಾರ್ಯಕ್ರಮಕ್ಕಿಂತ ಜೋರಾಗಿರಬಾರದೆಂಬ ಕಾನೂನು 2010ರಲ್ಲಿ ಆಗಿ, 2012ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಆದರೆ ಅದು ಟಿವಿ ಪ್ರಸಾರ, ಕೇಬಲ್ ಮತ್ತು ಉಪಗ್ರಹ ಟಿವಿಗೆ ಮಾತ್ರ. ಇಂಟರ್ನೆಟ್ಟಿನ ವಿಡಿಯೋ ಸೇವೆಗಳಿಗೂ ಅದನ್ನು ವಿಸ್ತರಿಸುವ ಕಾನೂನಿಗೆ ಕ್ಯಾಲಿಫೋರ್ನಿಯಾ ರಾಜ್ಯ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಜಾರಿಯ ದಿನಾಂಕ 2026ರ ಜುಲೈ 1.

ದನಿಯ ಮಟ್ಟಿಗೆ ನಿಮ್ಮ ಕೈಲಿರುವುದು ಇಷ್ಟು. ಆ್ಯಪ್‌ನಲ್ಲಿ ದನಿಯನ್ನು ಸಮಮಾಡುವ ಆಯ್ಕೆ ಇದ್ದರೆ ಆನ್ ಮಾಡಿ, ಆದರೆ ಅದರಲ್ಲಿ ಅತಿ ಮೆಲ್ಲನೆಯ ಮಟ್ಟವನ್ನು ಆರಿಸುವ ಮುನ್ನ ಪರೀಕ್ಷಿಸಿ. ಆ ಹೊಂದಾಣಿಕೆ ಹಾಡಿಗಷ್ಟೇ ತಗುಲಿ ಜಾಹೀರಾತಿಗೆ ತಗುಲದಿದ್ದರೆ, ಹಾಡು ಇನ್ನೂ ಕೆಳಗಿಳಿದು ಅಂತರ ಹೆಚ್ಚುತ್ತದೆ. ಎರಡು ಮಟ್ಟಗಳಲ್ಲಿ ಒಂದೇ ಜಾಹೀರಾತನ್ನು ಕೇಳಿ ನೋಡಿದರೆ ಇದು ಗೊತ್ತಾಗುತ್ತದೆ. ಹೆಚ್ಚು ನಂಬಬಹುದಾದದ್ದು ಸರಪಳಿಯ ಕೊನೆಯಲ್ಲಿರುವ ಸಾಧನದ ಆಯ್ಕೆ: ಟಿವಿಗಳಲ್ಲಿರುವ ರಾತ್ರಿಯ ಧ್ವನಿ ಅಥವಾ ಸ್ವಯಂ ವಾಲ್ಯೂಮ್, ವಿಂಡೋಸ್ ಕಂಪ್ಯೂಟರುಗಳ ಧ್ವನಿ ಸೆಟ್ಟಿಂಗಿನಲ್ಲಿ ಎಷ್ಟೋ ಕಡೆ ಸಿಗುವ Loudness Equalization. ಅವುಗಳಿಗೆ ಯಾವುದು ಹಾಡು, ಯಾವುದು ಜಾಹೀರಾತು ಎಂಬ ಭೇದವಿಲ್ಲ, ಬಂದದ್ದನ್ನೆಲ್ಲ ಸಮಮಾಡುತ್ತವೆ. ಅದಕ್ಕೆ ತೆರಬೇಕಾದ ಬೆಲೆ ಎಂದರೆ ಸಂಗೀತದ ಏರಿಳಿತವೂ ಚಪ್ಪಟೆಯಾಗುತ್ತದೆ. ಮಲಗುವ ಹೊತ್ತಿಗೆ ಅದು ಪರವಾಗಿಲ್ಲ ಎಂದು ನನ್ನ ಅನಿಸಿಕೆ. ಇನ್ನೊಂದು ಸರಳ ಉಪಾಯವಿದೆ: ರಾತ್ರಿಯ ಪಟ್ಟಿಯಲ್ಲಿ ಕೊನೆಯಲ್ಲಿ ಕರಗಿಹೋಗುವ ಹಾಡುಗಳ ಬದಲು ಒಂದೇ ಮಟ್ಟದಲ್ಲಿ ಸಾಗುವ ಹಾಡುಗಳನ್ನಿಟ್ಟು, ಸಾಧನದ ವಾಲ್ಯೂಮನ್ನು ಒಂದೆರಡು ಮೆಟ್ಟಿಲು ಇಳಿಸಿ.

ಕಂಪ್ಯೂಟರಿನ ಬ್ರೌಸರಿನಲ್ಲಿ ಯೂಟ್ಯೂಬ್ ನೋಡುವವರು ಈ ಹೊಂದಾಣಿಕೆಯನ್ನು ಕಣ್ಣಾರೆ ಕಾಣಬಹುದು. ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ Stats for nerds ತೆರೆದರೆ ಇಂಥ ಸಾಲೊಂದು ಇರುತ್ತದೆ:

```
Volume / Normalized  100% / 71% (content loudness 3.0dB)
```

ವಿಡಿಯೋ ಗುರಿಗಿಂತ 3 ಡೆಸಿಬೆಲ್ ಜೋರಾಗಿತ್ತು, ಆದ್ದರಿಂದ 71 ಶೇಕಡಕ್ಕೆ ತಗ್ಗಿಸಿದ್ದಾರೆ ಎಂದು ಇದರ ಅರ್ಥ. ಕಂಸದೊಳಗಿನ ಅಂಕಿ ಮೈನಸ್ ಇದ್ದು, ಎರಡನೆಯ ಅಂಕಿ 100% ಎಂದೇ ಇದ್ದರೆ, ನೀವು ನೋಡುತ್ತಿರುವುದು ಎತ್ತದೆ ಬಿಟ್ಟ ಮೆಲ್ಲನೆಯ ವಿಡಿಯೋ. ಅದರ ಮಧ್ಯೆ ಬರುವ ಜಾಹೀರಾತು ಜೋರೆನಿಸುವ ಸಾಧ್ಯತೆ ಹೆಚ್ಚು.

ಈಗ ಪುನರಾವರ್ತನೆ. ಒಬ್ಬ ಮನುಷ್ಯನಿಗೆ ಒಂದು ಜಾಹೀರಾತನ್ನು ದಿನಕ್ಕೆ ಎಷ್ಟು ಸಲ ತೋರಿಸಬಹುದು ಎಂಬ ಮಿತಿಯನ್ನು ಜಾಹೀರಾತುದಾರರು ಸಾಮಾನ್ಯವಾಗಿ ಹಾಕಿಯೇ ಇರುತ್ತಾರೆ. ಒಂದೇ ಕಿವಿಗೆ ಹತ್ತು ಸಲ ಹೇಳಲು ದುಡ್ಡು ಸುರಿಯುವುದು ಅವರಿಗೂ ನಷ್ಟ. ಆದರೆ ಮಿತಿ ಪಾಲಿಸಬೇಕಾದರೆ ಎಣಿಸಬೇಕು, ಎಣಿಸಬೇಕಾದರೆ ಇವರೇ ಅವರು ಎಂದು ಗುರುತಿಸಬೇಕು. ಎಡವುವುದು ಅಲ್ಲೇ.

ಒಂದು ಉದಾಹರಣೆ ಕಟ್ಟೋಣ. ಒಂದು ಕಂಪನಿ ತನ್ನ ಜಾಹೀರಾತಿಗೆ ದಿನಕ್ಕೆ 3 ಸಲ ಎಂಬ ಮಿತಿ ಹಾಕಿದೆ. ಜಾಗ ಕೊಳ್ಳಲು ಎರಡು ಬೇರೆ ಬೇರೆ ಖರೀದಿ ಸಂಸ್ಥೆಗಳನ್ನು ಬಳಸುತ್ತಿದೆ; ದೊಡ್ಡ ಪ್ರಚಾರಗಳಲ್ಲಿ ಇದು ಸಾಮಾನ್ಯ. ಇಬ್ಬರು ಕಾವಲುಗಾರರು ಎರಡು ಬಾಗಿಲಲ್ಲಿ ಕೂತು, ತಮ್ಮ ಬಾಗಿಲಿಂದ ಹೋದವರನ್ನಷ್ಟೇ ಬರೆದುಕೊಂಡ ಹಾಗೆ, ಒಂದು ಸಂಸ್ಥೆಯ ಎಣಿಕೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಅಲ್ಲಿಗೆ 3 ಎಂಬುದು 6 ಆಯಿತು. ನೀವು ಫೋನು, ಟಿವಿ, ಕಂಪ್ಯೂಟರು ಮೂರರಲ್ಲೂ ಕೇಳುವವರಾದರೆ, ಮತ್ತು ಮೂರರ ಗುರುತು ಒಂದಕ್ಕೊಂದು ಕೂಡಿರದಿದ್ದರೆ, ನೀವು ಅವರ ಲೆಕ್ಕದಲ್ಲಿ ಮೂವರು. 6 ಎಂಬುದು 18 ಆಗುತ್ತದೆ. ಎಲ್ಲರೂ ನಿಯಮ ಪಾಲಿಸಿದ್ದಾರೆ, ನಿಮಗೆ ಮಾತ್ರ ಅದೇ ಜಿಂಗಲ್ ಹದಿನೆಂಟು ಸಲ.

ನಿಮ್ಮ ಸ್ವಿಚ್ ಬರುವುದು ಇಲ್ಲಿ. ವೈಯಕ್ತಿಕ ಜಾಹೀರಾತು ಆಫ್ ಮಾಡಿದಾಗ ಎರಡು ಪರಿಣಾಮ ಆಗಬಹುದು. ಮೊದಲನೆಯದು ಎಲ್ಲರಿಗೂ ಆಗುವಂಥದ್ದು: ನಿಮ್ಮ ಆಸಕ್ತಿ ನೋಡಿ ಬೆಲೆ ಕೂಗುತ್ತಿದ್ದವರು ಹರಾಜಿನಿಂದ ಹಿಂದೆ ಸರಿಯುತ್ತಾರೆ. ಎಲ್ಲರಿಗೂ ತೋರಿಸಿದರೆ ಸಾಕು ಎನ್ನುವ ಕೆಲವೇ ಜಾಹೀರಾತುಗಳು ಉಳಿಯುತ್ತವೆ. ಜಾಹೀರಾತಿನ ಜಾಗಗಳ ಸಂಖ್ಯೆ ಮಾತ್ರ ಕಡಿಮೆಯಾಗಿಲ್ಲ, ಹಾಗಾಗಿ ಉಳಿದವೇ ಸುತ್ತಿ ಸುತ್ತಿ ಬರುತ್ತವೆ. ಯಾರೂ ಬೆಲೆ ಕೂಗದ ಜಾಗವನ್ನು ಆ್ಯಪ್ ತನ್ನದೇ ಜಾಹೀರಾತಿನಿಂದ ತುಂಬುತ್ತದೆ: ದುಡ್ಡು ಕೊಟ್ಟು ಸೇರಿ, ಜಾಹೀರಾತಿಲ್ಲದೆ ಕೇಳಿ. ಇದಕ್ಕೆ ಹೊರಗಿನವರ ಮಿತಿ ಅನ್ವಯಿಸುವುದಿಲ್ಲ. ಬೇಕೆಂದೇ ಮಾಡುತ್ತಾರಾ ಎಂಬ ನಿಮ್ಮ ಪ್ರಶ್ನೆಗೆ ಈ ಒಂದು ವಿಷಯದಲ್ಲಿ ನನ್ನ ಉತ್ತರ ಹೌದು. ಖಾಲಿ ಜಾಗಕ್ಕೆ ಏನು ಹಾಕಬೇಕು, ಎಷ್ಟು ಸಲ ಹಾಕಬೇಕು ಎಂಬುದು ಪೂರ್ತಿ ಅವರ ಕೈಲಿದೆ.

ಎರಡನೆಯದು ನೀವು ಯಾವ ಸ್ವಿಚ್ ಒತ್ತಿದಿರಿ ಎಂಬುದರ ಮೇಲೆ ಹೋಗುತ್ತದೆ. ಒಂದೇ ಹೆಸರಿನಲ್ಲಿ ಕಾಣುವ ಸ್ವಿಚ್‌ಗಳು ಎರಡು ಕಡೆ ಇವೆ.

ಒಂದು ಖಾತೆಯದು. ಗೂಗಲ್‌ನಲ್ಲಿ ಇದು myadcenter.google.com ಎಂಬ ಪುಟ, ಸ್ಪಾಟಿಫೈನಲ್ಲಿ ಖಾತೆಯ ಖಾಸಗಿತನದ ಪುಟದಲ್ಲಿರುವ Tailored ads. ಇದನ್ನು ಆಫ್ ಮಾಡಿದರೆ ನಿಮ್ಮ ಆಸಕ್ತಿಗಳ ಚಿತ್ರ ಕಟ್ಟಿ ಜಾಹೀರಾತು ಆರಿಸುವುದು ನಿಲ್ಲುತ್ತದೆ. ಆಮೇಲೂ ಈಗ ಏನು ಕೇಳುತ್ತಿದ್ದೀರಿ, ಯಾವ ಭಾಷೆ, ಸರಿಸುಮಾರು ಎಲ್ಲಿದ್ದೀರಿ ಎಂಬುದರ ಮೇಲೆ ಜಾಹೀರಾತು ಬರಬಹುದು. ಗೂಗಲ್‌ನ ವೈಯಕ್ತಿಕವಲ್ಲದ ಜಾಹೀರಾತುಗಳಲ್ಲಿ ಕೂಡ ಎಷ್ಟು ಸಲ ತೋರಿಸಿದೆ ಎಂದು ಎಣಿಸಲು ಕುಕಿ ಅಥವಾ ಫೋನಿನ ಜಾಹೀರಾತು ಸಂಖ್ಯೆಯನ್ನು ಬಳಸುತ್ತಾರೆ. ಅಂದರೆ ಈ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಎಣಿಕೆ ಮುರಿಯುವುದಿಲ್ಲ.

ಇನ್ನೊಂದು ಸಾಧನದ್ದು, ಎಣಿಕೆ ಮುರಿಯುವುದು ಇಲ್ಲಿ. ಆಂಡ್ರಾಯ್ಡ್ ಫೋನಿನಲ್ಲಿ ಜಾಹೀರಾತಿಗೆಂದೇ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಸೆಟ್ಟಿಂಗಿನಲ್ಲಿ Delete advertising ID ಒತ್ತಿದರೆ ಆಮೇಲೆ ಅದನ್ನು ಕೇಳಿದ ಆ್ಯಪ್‌ಗಳಿಗೆಲ್ಲ ಸಿಗುವುದು ಬರೀ ಸೊನ್ನೆಗಳು:

```
00000000-0000-0000-0000-000000000000
```

ಐಫೋನಿನಲ್ಲಿ 2021ರ ಏಪ್ರಿಲ್‌ನಿಂದ, 14.5ನೇ ಆವೃತ್ತಿಯಿಂದ ಈಚೆಗೆ, ಟ್ರ್ಯಾಕ್ ಮಾಡಬೇಡ ಎಂದು ಹೇಳಿದ ಆ್ಯಪ್‌ಗೂ ಇದೇ ಸೊನ್ನೆಗಳ ಸಾಲು ಹೋಗುತ್ತದೆ. ಸೊನ್ನೆ ಕಳಿಸುವವರು ಅಸಂಖ್ಯ ಮಂದಿ. ಅವರಲ್ಲಿ ಯಾರಿಗೆ ಎಷ್ಟು ಸಲ ತೋರಿಸಿದೆ ಎಂದು ಹೊರಗಿನ ಖರೀದಿ ಸಂಸ್ಥೆಗೆ ತಿಳಿಯುವುದಿಲ್ಲ. ಪ್ರತಿ ಸಲವೂ ನೀವು ಅದಕ್ಕೆ ಹೊಸಬರು. ಸಂಖ್ಯೆಯನ್ನು ಅಳಿಸದೆ ಆಗಾಗ ಬದಲಾಯಿಸಿದರೂ ಪರಿಣಾಮ ಇದೇ: ಪ್ರತಿ ಬದಲಾವಣೆಗೂ ಎಣಿಕೆ ಸೊನ್ನೆಯಿಂದ ಶುರು.

ಹಾಗೆಂದು ನೀವು ಮಾಡಿದ್ದು ತಪ್ಪು ಎನ್ನುತ್ತಿಲ್ಲ. ಒಂದು ಆ್ಯಪ್‌ನ ನಡವಳಿಕೆಯನ್ನು ಇನ್ನೊಂದರ ಜೊತೆ ಹೊಲಿಯುವುದನ್ನು ತಡೆಯಲು ಸಾಧನದ ಸ್ವಿಚ್ ಒಳ್ಳೆಯ ರಕ್ಷಣೆ. ನಾನಂತೂ ಅದನ್ನು ಆಫ್ ಆಗಿಯೇ ಇಡಲು ಹೇಳುತ್ತೇನೆ. ಅದರ ಬೆಲೆ ಏನೆಂದು ಮೊದಲೇ ಹೇಳದೆ ಸ್ವಿಚ್ ಕೊಡುವುದು ಅನ್ಯಾಯ ಎಂಬುದಷ್ಟೇ ನನ್ನ ತಕರಾರು.

ನಿಮ್ಮ ಕಾಟ ಯಾವ ಬಗೆಯದೆಂದು ತಿಳಿಯಲು ಬಂದ ಜಾಹೀರಾತನ್ನು ಒಂದೆರಡು ದಿನ ಗಮನಿಸಿ. ಅದು ಆ್ಯಪ್‌ನದೇ ಆಗಿದ್ದರೆ, ಖಾಲಿ ಜಾಗ ತುಂಬುತ್ತಿದ್ದಾರೆ. ಖಾತೆಯ ಸ್ವಿಚ್ಚನ್ನು ಸ್ವಲ್ಪ ದಿನ ಮತ್ತೆ ಆನ್ ಮಾಡಿ ನೋಡಿದರೆ ವೈವಿಧ್ಯ ಹೆಚ್ಚಬಹುದು. ಹೊರಗಿನ ಕಂಪನಿಯದು ದಿನವಿಡೀ ಹರಡಿಕೊಂಡು ಬರುತ್ತಿದ್ದರೆ ಗುರುತಿನ ಸಮಸ್ಯೆ ಇರಬಹುದು. ಎಲ್ಲ ಸಾಧನಗಳಲ್ಲೂ ಒಂದೇ ಖಾತೆಯಿಂದ ಲಾಗಿನ್ ಆದರೆ, ಕನಿಷ್ಠ ಆ್ಯಪ್ ತಾನೇ ಮಾರಿದ ಜಾಹೀರಾತುಗಳನ್ನು ಒಟ್ಟಾಗಿ ಎಣಿಸಲು ದಾರಿಯಾಗುತ್ತದೆ. ಒಂದೇ ವಿರಾಮದಲ್ಲಿ ಬೆನ್ನಿಗೆ ಬೆನ್ನು ಎರಡು ಸಲ ಬಂದರೆ ಅದು ಬೇರೆಯದೇ ದೋಷ. ಒಂದೇ ಜಾಹೀರಾತು ಎರಡು ಸಂಸ್ಥೆಗಳ ಮೂಲಕ, ಎರಡು ಬೇರೆ ಫೈಲ್ ಗುರುತುಗಳೊಂದಿಗೆ ಬಂದಿದೆ, ಎರಡೂ ಒಂದೇ ಎಂದು ಯಂತ್ರಕ್ಕೆ ಹೊಳೆದಿಲ್ಲ. ಇದನ್ನು ತಡೆಯಲೆಂದೇ ಜಾಹೀರಾತು ರವಾನಿಸುವ ವ್ಯಾಸ್ಟ್ ಎಂಬ ಮಾನದಂಡದ ನಾಲ್ಕನೇ ಆವೃತ್ತಿಯಲ್ಲಿ, ಎಲ್ಲಿಂದ ಬಂದರೂ ಬದಲಾಗದ ಒಂದು ಸಾರ್ವತ್ರಿಕ ಗುರುತಿಗೆ ಜಾಗ ಮಾಡಿದ್ದಾರೆ. ಅದನ್ನು ಸರಿಯಾಗಿ ತುಂಬಿ ಕಳಿಸಿದರೆ ಮಾತ್ರ ಪ್ರಯೋಜನ.

ಒಂದು ನಿರ್ದಿಷ್ಟ ಜಾಹೀರಾತಿನಿಂದ ತಪ್ಪಿಸಿಕೊಳ್ಳಲು, ದೊಡ್ಡ ಸ್ವಿಚ್‌ಗಳಿಗಿಂತ ಆ ಜಾಹೀರಾತಿನ ಮೇಲೇ ಇರುವ ಮೂರು ಚುಕ್ಕಿ ಅಥವಾ ಮಾಹಿತಿ ಗುರುತು ಹೆಚ್ಚು ಕೆಲಸಕ್ಕೆ ಬರುತ್ತದೆ. ಯೂಟ್ಯೂಬ್‌ನಲ್ಲಿ ಅಲ್ಲಿಂದ ಆ ಜಾಹೀರಾತನ್ನು ತಡೆಯಬಹುದು. ಗೂಗಲ್‌ನ ಪುಟದಲ್ಲಿ ಮದ್ಯ, ಜೂಜು, ಡೇಟಿಂಗ್, ಗರ್ಭಧಾರಣೆ ಮತ್ತು ಮಕ್ಕಳ ಪಾಲನೆ, ತೂಕ ಇಳಿಕೆ ಇವುಗಳನ್ನು ಕಡಿಮೆ ಮಾಡಲು ಪ್ರತ್ಯೇಕ ಆಯ್ಕೆಗಳಿವೆ. ಕಡಿಮೆ ಎಂಬ ಪದವನ್ನು ಗಮನಿಸಿ. ಪೂರ್ತಿ ನಿಲ್ಲುತ್ತದೆ ಎಂದು ಅವರು ಮಾತು ಕೊಟ್ಟಿಲ್ಲ. ಗೂಗಲ್ ಮೂಲಕ ಬರದ ಜಾಹೀರಾತಿಗೆ ಇವು ಅನ್ವಯಿಸುವುದೂ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸಾಧನದ ಸ್ವಿಚ್ಚನ್ನು ಆಫ್ ಆಗಿಯೇ ಬಿಟ್ಟು, ಆ ಒಂದು ಹಾಡಿನ ಆ್ಯಪ್‌ನ ಖಾತೆಯ ಸ್ವಿಚ್ಚನ್ನು ಮಾತ್ರ ಎರಡು ವಾರ ಆನ್ ಮಾಡಿ ನೋಡುತ್ತಿದ್ದೆ. ನೀವು ಅಲ್ಲಿ ಏನು ಕೇಳುತ್ತೀರಿ ಎಂಬುದು ಆ ಆ್ಯಪ್‌ಗೆ ಹೇಗೂ ಗೊತ್ತಿದೆ. ಆದರೆ ಆನ್ ಮಾಡುವ ಮುನ್ನ, ಬೇರೆ ಕಂಪನಿಗಳಿಂದ ಪಡೆದ ಮಾಹಿತಿಯನ್ನೂ ಅದು ಬಳಸುತ್ತದೆಯೇ ಎಂದು ಅದೇ ಪುಟದಲ್ಲಿ ಓದಿಕೊಳ್ಳಿ; ಅದು ಬೇಡವೆನಿಸಿದರೆ ಆಫ್ ಆಗಿಯೇ ಇರಲಿ. ಬೆನ್ನಿಗೆ ಬೆನ್ನು ಎರಡು ಸಲ ಬಂದಾಗ ಅಥವಾ ದನಿ ವಿಪರೀತವೆನಿಸಿದಾಗ ದೂರು ಬರೆಯಿರಿ, ಆದರೆ ಜಾಹೀರಾತು ಜೋರಾಗಿದೆ ಎಂದಷ್ಟೇ ಬರೆಯಬೇಡಿ. ದಿನ, ಗಂಟೆ ಮತ್ತು ನಿಮಿಷ, ಜಾಹೀರಾತುದಾರರ ಹೆಸರು, ಅದಕ್ಕೂ ಮುಂಚೆ ನುಡಿಯುತ್ತಿದ್ದ ಹಾಡು, ಬಳಸಿದ ಸಾಧನ, ಆ್ಯಪ್‌ನ ಆವೃತ್ತಿ ಇಷ್ಟನ್ನೂ ಸೇರಿಸಿ. ಆ ನಿಮಿಷಕ್ಕೆ ಯಾವ ಸರ್ವರಿನಿಂದ ಯಾವ ಫೈಲು ಬಂತು ಎಂದು ಅವರ ದಾಖಲೆಯಲ್ಲಿ ಹುಡುಕಿ, ಅದೊಂದನ್ನು ಅಳೆದು ತೆಗೆದುಹಾಕಲು ಅವರಿಗೆ ಬೇಕಾದ ವಿವರಗಳು ಇವೇ.